ಬೀರುವಿನ ರೇಟಿನಲ್ಲಿ ತೆರಿಗೆ ಮೇಲೆ ತೆರಿಗೆ ಎಲ್ಲಿಂದ ಬಂತು?

ಪ್ರಶ್ನೆ: ಸರ್, ತುಮಕೂರಿನಲ್ಲಿ ಸ್ಟೀಲ್ ಬೀರು ಮಾಡುವ ಸಣ್ಣ ಶೆಡ್ ಇದೆ. ಸಾಮಾನು ತರುವಾಗ 18% ಜಿಎಸ್‌ಟಿ ಕೊಡ್ತೀನಿ, ಬೀರು ಮಾರುವಾಗ ಮತ್ತೆ 18% ಹಾಕ್ತೀನಿ. ಇದು ತೆರಿಗೆ ಮೇಲೆ ತೆರಿಗೆ ಅಲ್ವಾ? ಐಟಿಸಿ ಇರೋದ್ರಿಂದ ಹಾಗಾಗಲ್ಲ ಅಂತಾರೆ ನಮ್ಮ ಅಕೌಂಟೆಂಟ್. ಹಾಗಿದ್ರೆ ನನ್ನ ರೇಟು ಯಾಕೆ ಜಾಸ್ತಿ? ಒಂದು ಹಾಸ್ಟೆಲ್‌ಗೆ 40 ಬೀರು ಬೇಕಿತ್ತು. ಸಾಮಾನು ಬಿದ್ದದ್ದು 5,900, ಕೂಲಿ ಲಾಭ ಎಲ್ಲ 3,000, ಅದರ ಮೇಲೆ 18% ಹಾಕಿ ಒಂದಕ್ಕೆ 10,502 ಹೇಳಿದೆ. ಪಕ್ಕದವನು 9,440 ಹೇಳಿ ಆರ್ಡರ್ ಹೊಡೆದ. ಅವನೂ ಅದೇ ಅಂಗಡಿಯಿಂದ ತಗಡು ತರ್ತಾನೆ.

ಉತ್ತರ: ನಿಮ್ಮ ಕೊಟೇಶನ್‌ನಲ್ಲಿ ತೆರಿಗೆ ಮೇಲೆ ತೆರಿಗೆ ಇದೆ, ನಿಜ. ಆದರೆ ಅದನ್ನು ಹಾಕಿದ್ದು ಸರ್ಕಾರ ಅಲ್ಲ, ನೀವೇ. ಸಾಮಾನು ನಿಮಗೆ 5,900ಕ್ಕೆ ಬಿದ್ದಿಲ್ಲ. 5,000ಕ್ಕೆ ಬಿದ್ದಿದೆ. ಉಳಿದ 900 ನೀವು ತಗಡಿನ ಅಂಗಡಿಯವರ ಕೈಯಲ್ಲಿ ಸರ್ಕಾರಕ್ಕೆ ಕೊಟ್ಟು ಕಳಿಸಿದ ಕೈಗಡ. ಬೀರು ಮಾರಿದ ತಿಂಗಳು ಅದನ್ನು ಮುರಿದುಕೊಂಡು ಬಾಕಿ ಮಾತ್ರ ಕಟ್ಟುತ್ತೀರಿ. ಐಟಿಸಿ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನೋದು ಇದೇ. ಯಾರಿಗಾದರೂ ಕೈಗಡ ಕೊಟ್ಟ ದುಡ್ಡನ್ನು ಬೀರುವಿನ ಬೆಲೆಗೆ ಸೇರಿಸುತ್ತೀರಾ? ಸೇರಿಸಲ್ಲ ಅಲ್ವಾ. ಪಕ್ಕದವರೂ ಸೇರಿಸಿಲ್ಲ. 5,000ಕ್ಕೆ 3,000 ಕೂಡಿಸಿ 8,000 ಮಾಡಿದ್ದಾರೆ, ಅದಕ್ಕೆ 18% ಅಂದರೆ 1,440 ಹಾಕಿ 9,440 ಹೇಳಿದ್ದಾರೆ. ಲಾಭ ನಿಮ್ಮಷ್ಟೇ ಇಟ್ಟುಕೊಂಡಿದ್ದಾರೆ. ನಿಮ್ಮ ರೇಟಿನಲ್ಲಿ ಜಾಸ್ತಿ ಇರುವ 1,062 ರೂಪಾಯಿಯಲ್ಲಿ 900 ಆ ಕೈಗಡದ್ದು, ಉಳಿದ 162 ಆ 900ರ ಮೇಲೆ ಹಾಕಿದ 18%. ಈ 162 ಇದೆಯಲ್ಲ, ತೆರಿಗೆ ಮೇಲೆ ತೆರಿಗೆ ಅಂದರೆ ಅಚ್ಚುಕಟ್ಟಾಗಿ ಅದೇ. 40 ಬೀರುವಿಗೆ ಒಟ್ಟು ವ್ಯತ್ಯಾಸ 42,480 ರೂಪಾಯಿ. ಆರ್ಡರ್ ಹೋಗದೆ ಏನಾಗುತ್ತೆ?

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಅಕೌಂಟೆಂಟ್ ಸಲ್ಲಿಸಿದ ಒಂದೆರಡು ತಿಂಗಳ GSTR-3B, ಅಂದರೆ ತೆರಿಗೆ ಲೆಕ್ಕ ತೋರಿಸಿ ಕಟ್ಟುವ ರಿಟರ್ನ್ ತರಿಸಿ, 4ನೇ ಟೇಬಲ್‌ನಲ್ಲಿ All other ITC ಅನ್ನುವ ಸಾಲು ನೋಡಿ. ಅಲ್ಲಿ ನಿಮ್ಮ ತಗಡಿನ ತೆರಿಗೆ ಕಾಣಿಸಿದರೆ, ಇಷ್ಟು ದಿನ 10,502ರ ಲೆಕ್ಕದಲ್ಲಿ ಮಾರಿದ ಪ್ರತಿ ಬೀರುವಿನಲ್ಲೂ ನಿಮಗೆ ಗೊತ್ತಿಲ್ಲದೆ 900 ಹೆಚ್ಚು ಲಾಭ ಬಂದಿದೆ. ಗಿರಾಕಿಯಿಂದ 8,900ಕ್ಕೆ 18% ಅಂತ 1,602 ವಸೂಲಿ ಮಾಡಿ 702 ಮಾತ್ರ ಕಟ್ಟಿದ್ದೀರಿ. ಸಾಲು ಖಾಲಿ ಇದ್ದರೆ ಕಥೆ ಬೇರೆ. ಆಗ ನೀವು ಪೂರ್ತಿ 1,602 ಕಟ್ಟಿದ್ದೀರಿ, ತಗಡಿನ 900 ಅಲ್ಲೇ ಬಿದ್ದಿದೆ. ಅದು ಅಸಲಿ ನಷ್ಟ, ಬೇಗ ಸರಿಮಾಡಬೇಕಾದದ್ದು. ಯಾಕೆ ಬೇಗ ಅಂತ ಆಮೇಲೆ ಹೇಳುತ್ತೇನೆ.

ಈಗ ಈ ಮುರಿದುಕೊಳ್ಳುವ ವ್ಯವಸ್ಥೆ ಯಾಕೆ ಬೇಕಾಯಿತು ಅನ್ನೋದನ್ನು ನಿಮ್ಮ ಬೀರುವಿನಿಂದಲೇ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಬಣ್ಣ, ಬೀಗ ಎಲ್ಲವೂ ತಗಡಿನ ಜೊತೆಗೇ ಬಂತು ಅಂದುಕೊಳ್ಳಿ. ಮಿಲ್ಲಿನವರು 4,000ಕ್ಕೆ ವ್ಯಾಪಾರಿಗೆ ಕೊಟ್ಟರು. ವ್ಯಾಪಾರಿ ಸಾವಿರ ಸೇರಿಸಿ 5,000ಕ್ಕೆ ನಿಮಗೆ ಕೊಟ್ಟರು. ನೀವು 3,000 ಸೇರಿಸಿ 8,000ಕ್ಕೆ ಫರ್ನಿಚರ್ ಅಂಗಡಿಗೆ ಹಾಕಿದಿರಿ. ಅಂಗಡಿಯವರು 2,000 ಸೇರಿಸಿ 10,000ಕ್ಕೆ ಮನೆಯವರಿಗೆ ಮಾರಿದರು. ತೆರಿಗೆ ಬಿಟ್ಟು ನೋಡಿದರೆ ಬೀರುವಿನ ಬೆಲೆ 10,000.

ಕ್ರೆಡಿಟ್ ಅನ್ನೋದೇ ಇಲ್ಲ, ಪ್ರತಿಯೊಬ್ಬರೂ ಮಾರಿದ ಪೂರ್ತಿ ಬೆಲೆಗೆ 18% ಕಟ್ಟಬೇಕು ಅಂತ ಇದ್ದರೆ? ಮಿಲ್ಲಿನಿಂದ 4,720ಕ್ಕೆ ಹೊರಟಿತು. ವ್ಯಾಪಾರಿಗೆ ಅದೇ ಬಿದ್ದ ಬೆಲೆ, ಸಾವಿರ ಸೇರಿಸಿದರು, 5,720 ಆಯಿತು, ಅದಕ್ಕೆ ಮತ್ತೆ 18%. ನಿಮ್ಮ ಹತ್ತಿರ ಬಂದಾಗ 6,750. ನೀವು 3,000 ಸೇರಿಸಿ ತೆರಿಗೆ ಹಾಕಿದಾಗ 11,505. ಅಂಗಡಿ ದಾಟಿ ಮನೆ ಸೇರುವಾಗ 15,935. ಅಂದರೆ 10,000ದ ಬೀರುವಿಗೆ ತೆರಿಗೆಯೇ 5,935. ಕಾನೂನು ಪುಸ್ತಕದಲ್ಲಿ 18 ಅಂತ ಬರೆದಿದೆ, ಗಿರಾಕಿ ಮೇಲೆ ಬಿದ್ದದ್ದು 59.

ಈ 5,935ನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಬಹಳ ಜನ ಇಲ್ಲಿ ಒಂದನ್ನು ಇನ್ನೊಂದು ಅಂದುಕೊಳ್ಳುತ್ತಾರೆ. ನ್ಯಾಯವಾಗಿ ಬರಬೇಕಾದದ್ದು 10,000ಕ್ಕೆ 18%, ಅಂದರೆ 1,800. ಉಳಿದದ್ದರಲ್ಲಿ 3,060 ರೂಪಾಯಿ ಒಂದೇ ಮಾಲಿಗೆ ಮತ್ತೆ ಮತ್ತೆ ತೆರಿಗೆ ಹಾಕಿದ್ದರಿಂದ ಬಂದದ್ದು. ಮಿಲ್ಲಿನ ಆ 4,000 ರೂಪಾಯಿಯ ತಗಡು ನಾಲ್ಕು ಕೈ ದಾಟುವಾಗ ನಾಲ್ಕು ಸಲ ತೆರಿಗೆ ಕೊಟ್ಟಿತು, ನಿಮ್ಮ 3,000 ರೂಪಾಯಿಯ ಕೆಲಸ ಎರಡು ಸಲ ಕೊಟ್ಟಿತು. ಇಷ್ಟೂ ಕಳೆದ ಮೇಲೆ ಉಳಿಯುವ ಸುಮಾರು 1,075 ಮಾತ್ರ ಅಪ್ಪಟ ತೆರಿಗೆ ಮೇಲಿನ ತೆರಿಗೆ. ಎರಡೂ ಒಂದೇ ರೋಗದ ಎರಡು ಲಕ್ಷಣ, ಆದರೆ ಜಾಸ್ತಿ ತೂಕ ಇರೋದು ಮೊದಲನೆಯದಕ್ಕೆ. ಇನ್ನೊಂದು ವಿಷಯ. ಕೈ ಎಷ್ಟು ಕಡಿಮೆ ಬದಲಾದರೆ ತೆರಿಗೆ ಅಷ್ಟು ಕಡಿಮೆ. ಮಿಲ್ಲು, ಬೀರು ಕಾರ್ಖಾನೆ, ಅಂಗಡಿ ಮೂರನ್ನೂ ಒಬ್ಬನೇ ಸಾಹುಕಾರ ಇಟ್ಟುಕೊಂಡಿದ್ದರೆ 10,000ಕ್ಕೆ ಒಂದೇ ಸಲ 1,800 ಕಟ್ಟಿ ಮುಗಿಸುತ್ತಿದ್ದ. ಹಳೆಯ ತೆರಿಗೆ ಪದ್ಧತಿಯಲ್ಲಿ ನಿಮ್ಮಂಥ ಸಣ್ಣ ಶೆಡ್‌ನವರಿಗೆ ಪೆಟ್ಟು ಬೀಳುತ್ತಿದ್ದದ್ದು ಹೀಗೆ. ಆಗ ದರ ಇಷ್ಟು ದೊಡ್ಡದಿರುತ್ತಿರಲಿಲ್ಲ, ಆದರೆ ಹೊಡೆತದ ರೀತಿ ಇದೇ.

ಈಗ ಕ್ರೆಡಿಟ್ ಸೇರಿಸಿ. ಮಿಲ್ಲಿನವರು 4,000ಕ್ಕೆ 720 ವಸೂಲಿ ಮಾಡಿ ಕಟ್ಟಿದರು. ವ್ಯಾಪಾರಿ ನಿಮ್ಮಿಂದ 900 ತೆಗೆದುಕೊಂಡರು, ತಾವು ಕೊಟ್ಟಿದ್ದ 720 ಮುರಿದುಕೊಂಡು 180 ಕಟ್ಟಿದರು. ನೀವು ಅಂಗಡಿಯವರಿಂದ 1,440 ತೆಗೆದುಕೊಂಡಿರಿ, 900 ಮುರಿದುಕೊಂಡು 540 ಕಟ್ಟಿದಿರಿ. ಅಂಗಡಿಯವರು ಮನೆಯವರಿಂದ 1,800 ತೆಗೆದುಕೊಂಡು, 1,440 ಮುರಿದುಕೊಂಡು 360 ಕಟ್ಟಿದರು. ಕೂಡಿಸಿ ನೋಡಿ: 720, 180, 540, 360. ಸರಿಯಾಗಿ 1,800. ನೀವು ಕಟ್ಟಿದ 540 ನಿಮ್ಮದೇ ಕೆಲಸವಾದ 3,000ಕ್ಕೆ 18%. ಪ್ರತಿಯೊಬ್ಬರೂ ತಾವು ಸೇರಿಸಿದ ಬೆಲೆಗೆ ಮಾತ್ರ ಕಟ್ಟಿದ್ದಾರೆ. ಮೌಲ್ಯವರ್ಧಿತ ತೆರಿಗೆ ಅನ್ನುವ ಭಾರಿ ಹೆಸರಿನ ಅರ್ಥ ಇಷ್ಟೇ. ಫ್ರಾನ್ಸ್‌ನಲ್ಲಿ 1954ರಲ್ಲಿ ಶುರುವಾದ ಉಪಾಯ ಇದು, ತೆರಿಗೆ ಅಧಿಕಾರಿ ಮೋರಿಸ್ ಲೋರೆ ಅನ್ನುವವರ ತಲೆಯಿಂದ ಬಂದದ್ದು.

ನಿಮ್ಮ ಲಾಭ ಎಷ್ಟು ಅಂತ ಯಾರೂ ಕೇಳಲಿಲ್ಲ, ಗಮನಿಸಿದಿರಾ? ಸೇರಿಸಿದ ಬೆಲೆ 3,000 ಅಂತ ನೀವು ಎಲ್ಲೂ ಬರೆದುಕೊಡಬೇಕಾಗಿಲ್ಲ. ಮಾರಿದ ಬಿಲ್ಲಿನ ತೆರಿಗೆಯಿಂದ ಕೊಂಡ ಬಿಲ್ಲಿನ ತೆರಿಗೆ ಕಳೆದರೆ ಸಾಕು. ಕ್ರೆಡಿಟ್ ಪೂರ್ತಿ ಬಿಲ್ಲಿನ ಮೇಲೆ ನಿಂತಿದೆ. ಅದೇ ಅದರ ಬಲ, ತಲೆನೋವು ಕೂಡ ಅಲ್ಲೇ.

ನಮ್ಮಲ್ಲಿ ಇದು ಒಂದೇ ಸಲ ಬರಲಿಲ್ಲ. ಕೇಂದ್ರದ ಅಬಕಾರಿ ಸುಂಕದಲ್ಲಿ, ಅಂದರೆ ಎಕ್ಸೈಸ್‌ನಲ್ಲಿ, 1986ರಲ್ಲಿ ಮಾಡ್ವ್ಯಾಟ್ ಅಂತ ಶುರುವಾಯಿತು. ಕರ್ನಾಟಕದ ಮಾರಾಟ ತೆರಿಗೆ ಹೋಗಿ ವ್ಯಾಟ್ ಬಂದದ್ದು 2005ರ ಏಪ್ರಿಲ್ 1ಕ್ಕೆ. ಎರಡಕ್ಕೂ ಕ್ರೆಡಿಟ್ ಇತ್ತು, ಆದರೆ ಒಂದರ ಕ್ರೆಡಿಟ್ ಇನ್ನೊಂದಕ್ಕೆ ನಡೆಯುತ್ತಿರಲಿಲ್ಲ. ಕಾರ್ಖಾನೆಯಿಂದ 100 ರೂಪಾಯಿಯ ಮಾಲು ಹೊರಬಿದ್ದರೆ ಕೊನೆಕೊನೆಗೆ 12.5% ಎಕ್ಸೈಸ್ ಸೇರಿ 112.50. ರಾಜ್ಯದ 14.5% ವ್ಯಾಟ್ ಹಾಕುತ್ತಿದ್ದದ್ದು 100ಕ್ಕಲ್ಲ, ಆ 112.50ಕ್ಕೆ. ಕೇಂದ್ರದ ತೆರಿಗೆ ಮೇಲೆ ರಾಜ್ಯದ ತೆರಿಗೆ, ಅದೂ ಬಿಲ್ಲಿನಲ್ಲೇ ಕಣ್ಣಿಗೆ ಕಾಣುವ ಹಾಗೆ. ಹೊರ ರಾಜ್ಯದಿಂದ ತಗಡು ತಂದರೆ 2% ಕೇಂದ್ರ ಮಾರಾಟ ತೆರಿಗೆ ಬೇರೆ, ಅದಕ್ಕೆ ಕ್ರೆಡಿಟ್ಟೇ ಇಲ್ಲ, ಸೀದಾ ಬಿದ್ದ ಬೆಲೆಗೆ ಸೇರುತ್ತಿತ್ತು. ಹೊಸೂರಿನಲ್ಲಿ ತಗಡು ಅಗ್ಗ ಅಂತ ತರುತ್ತಿದ್ದವರು ಆ ಎರಡು ಪರ್ಸೆಂಟ್ ಲೆಕ್ಕ ಹಾಕಿಯೇ ಲಾರಿ ಕಳಿಸುತ್ತಿದ್ದರು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಈ ಗೋಡೆಗಳು ಬಿದ್ದವು. ಈಗ ಹೊಸೂರಿನಿಂದ ತಂದರೆ ಬಿಲ್ಲಿನಲ್ಲಿ ಐಜಿಎಸ್‌ಟಿ 900 ಅಂತ ಬರುತ್ತೆ, ತುಮಕೂರಿನಲ್ಲೇ ತಂದರೆ ಕೇಂದ್ರದ ಸಿಜಿಎಸ್‌ಟಿ 450, ರಾಜ್ಯದ ಎಸ್‌ಜಿಎಸ್‌ಟಿ 450 ಅಂತ. ಎರಡಕ್ಕೂ ಪೂರ್ತಿ ಕ್ರೆಡಿಟ್ ಇದೆ. ಒಂದೇ ಒಂದು ಗೋಡೆ ಉಳಿದಿದೆ: ಸಿಜಿಎಸ್‌ಟಿ ಕ್ರೆಡಿಟ್‌ನಿಂದ ಎಸ್‌ಜಿಎಸ್‌ಟಿ ಕಟ್ಟಲು ಬರಲ್ಲ, ಎಸ್‌ಜಿಎಸ್‌ಟಿಯಿಂದ ಸಿಜಿಎಸ್‌ಟಿಯನ್ನೂ ಕಟ್ಟಲು ಬರಲ್ಲ.

ಇನ್ನು ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವ ಮಾತು. ಕ್ರೆಡಿಟ್ ಸರಪಳಿಯ ಒಂದು ಕೊಂಡಿ ಕಳಚಿದರೆ ಸಾಕು, ಹಳೆಯ ರೋಗ ಅಲ್ಲಿಂದ ಮತ್ತೆ ಶುರು. ಇದು ಹೆಚ್ಚಾಗಿ ಅಗ್ಗದ ಮಾಲಿನ ವೇಷದಲ್ಲೇ ಬರುತ್ತೆ.

ನಿಮ್ಮ ಊರಲ್ಲೇ ಇನ್ನೊಬ್ಬ ತಗಡಿನ ವ್ಯಾಪಾರಿ ಇದ್ದಾರೆ, ಕಾಂಪೋಸಿಷನ್ ಸ್ಕೀಮಿನಲ್ಲಿ ಇರುವವರು ಅಂತಿಟ್ಟುಕೊಳ್ಳಿ. ಅವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, ತಾವು ಕೊಂಡದ್ದಕ್ಕೆ ಕ್ರೆಡಿಟ್ ತಗೊಳ್ಳುವಂತಿಲ್ಲ, ಒಟ್ಟು ವ್ಯಾಪಾರದ ಮೇಲೆ 1% ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಮಿಲ್ಲಿಗೆ ಅವರೂ 4,720 ಕೊಟ್ಟಿದ್ದಾರೆ. ಆ 720 ವಾಪಸ್ ಬರಲ್ಲ, ಹಾಗಾಗಿ ಬೆಲೆಗೆ ಸೇರಿಸಲೇಬೇಕು. ಸಾವಿರ ಲಾಭ, 1% ಎಲ್ಲ ಸೇರಿ ನಿಮಗೆ 5,778 ಹೇಳುತ್ತಾರೆ. "ನಮ್ಮಲ್ಲಿ ಜಿಎಸ್‌ಟಿ ಇಲ್ಲ ಸಾರ್, ಅಲ್ಲಿ 5,900 ಕೊಡೋ ಬದಲು ಇಲ್ಲಿ 5,778" ಅಂತಾರೆ. ಕೇಳಲು ಚೆನ್ನಾಗಿದೆ. ಆದರೆ ಅವರ ಬಿಲ್ಲಿನಲ್ಲಿ ತೆರಿಗೆಯ ಸಾಲೇ ಇಲ್ಲ, ಆದ್ದರಿಂದ ನಿಮಗೆ ಮುರಿದುಕೊಳ್ಳಲು ಏನೂ ಇಲ್ಲ. 5,900ದ ಮಾಲು ನಿಮಗೆ ನಿಜವಾಗಿ ಬಿದ್ದದ್ದು 5,000, 5,778ರ ಮಾಲು ಬಿದ್ದದ್ದು 5,778. ಅದಕ್ಕೆ 3,000 ಸೇರಿಸಿ 18% ಹಾಕಿದರೆ ಬೀರು 10,358 ಆಗುತ್ತೆ. ಮತ್ತೆ ಪಕ್ಕದವರ 9,440ರ ಮುಂದೆ 918 ಜಾಸ್ತಿ. ಈ 918ರ ಒಳಗೆ ಏನಿದೆ ಅಂದರೆ ಮಿಲ್ಲಿನ 720, ಅವರ 58, ಈ ಎರಡರ ಮೇಲೆ ನೀವು ಹಾಕಿದ 18% ಆದ 140. ಬಿಲ್ಲಿನಲ್ಲಿ ತೆರಿಗೆ ಕಾಣದಿದ್ದರೂ ತೆರಿಗೆ ಇತ್ತು, ಬೆಲೆಯೊಳಗೆ ಅವಿತುಕೊಂಡಿತ್ತು.

ಇದೇ ಕಾರಣಕ್ಕೆ ಸರಪಳಿಯ ಮಧ್ಯದಲ್ಲಿ ಯಾರಿಗಾದರೂ ತೆರಿಗೆ ವಿನಾಯಿತಿ ಕೊಟ್ಟರೆ ಕೊನೆಯ ಬೆಲೆ ಇಳಿಯುವ ಬದಲು ಏರುತ್ತೆ. ಇದು ಮೊದಲ ಸಲ ಕೇಳಿದವರು ಯಾರೂ ನಂಬಲ್ಲ. ವಿನಾಯಿತಿ ಕೊಟ್ಟರೆ ಗಿರಾಕಿಗೆ ಲಾಭ ಆಗೋದು ಸರಪಳಿಯ ಕೊನೆಯ ಕೊಂಡಿಯಲ್ಲಿ ಮಾತ್ರ, ಅಲ್ಲೂ ಹಿಂದಿನ ತೆರಿಗೆ ಒಳಗೆ ಉಳಿದೇ ಇರುತ್ತೆ. ನೀವು ದಿನಾ ಹೋಗುವ ಹೋಟೆಲ್ಲನ್ನೇ ನೋಡಿ. 2017ರ ನವೆಂಬರ್ 15ರಿಂದ ಮಾಮೂಲಿ ಹೋಟೆಲ್‌ಗಳಿಗೆ 5%, ಕ್ರೆಡಿಟ್ ಇಲ್ಲ. ಬಾಡಿಗೆ, ಪಾತ್ರೆ, ಗ್ರೈಂಡರ್ ಇವುಗಳ ಮೇಲೆ ಹೋಟೆಲ್‌ನವರು ಕೊಟ್ಟ ಜಿಎಸ್‌ಟಿ ಎಲ್ಲ ದೋಸೆಯ ಬೆಲೆಯೊಳಗೆ ಸೇರಿಕೊಂಡಿದೆ, ಅದರ ಮೇಲೆ ಆ 5%. ಬಿಲ್ಲಿನಲ್ಲಿ 5 ಅಂತ ಕಂಡರೂ ನಾವು ಕೊಡುತ್ತಿರುವುದು 5ಕ್ಕಿಂತ ಜಾಸ್ತಿ. ಹಾಗೆಯೇ ನಿಮ್ಮ ಶೆಡ್ಡಿನ ಜನರೇಟರ್‌ಗೆ ಹಾಕುವ ಡೀಸೆಲ್. ಅದು ಜಿಎಸ್‌ಟಿಯ ಹೊರಗಿದೆ. ಅದರ ಮೇಲಿನ ಕೇಂದ್ರದ ಸುಂಕ, ರಾಜ್ಯದ ಮಾರಾಟ ತೆರಿಗೆ ಯಾವುದಕ್ಕೂ ಕ್ರೆಡಿಟ್ ಸಿಗಲ್ಲ. ಆ ಖರ್ಚನ್ನು ಧೈರ್ಯವಾಗಿ ಪೂರ್ತಿ ಬಿದ್ದ ಬೆಲೆಗೆ ಸೇರಿಸಿ, ಅಲ್ಲಿ ಬೇರೆ ದಾರಿ ಇಲ್ಲ.

ಕೊಂಡಿ ಕಳಚುವ ಇನ್ನೊಂದು ರೀತಿ ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಬಿಲ್ಲಿನಲ್ಲಿ ಎಲ್ಲ ಸರಿಯಾಗೇ ಇರುತ್ತೆ. ನನ್ನ ಹತ್ತಿರ ಲೆಕ್ಕಕ್ಕೆ ಬರುವ ಒಬ್ಬ ಗ್ರಿಲ್ ಕೆಲಸದವರು ಇದ್ದಾರೆ. ಪಕ್ಕಾ ಬಿಲ್, 18% ತೆರಿಗೆ, ಬ್ಯಾಂಕ್ ಮೂಲಕವೇ ದುಡ್ಡು. ಆದರೆ ಮಾರಿದವರು ತಮ್ಮ GSTR-1ರಲ್ಲಿ, ಅಂದರೆ ಮಾರಾಟದ ಬಿಲ್ಲುಗಳನ್ನು ತೋರಿಸುವ ರಿಟರ್ನ್‌ನಲ್ಲಿ, ಆ ಬಿಲ್ ತೋರಿಸಲೇ ಇಲ್ಲ. ಇವರು ವಿಚಾರಿಸಿದಾಗಲೆಲ್ಲ "ಈ ತಿಂಗಳು ಹಾಕ್ತೀವಿ ಅಣ್ಣ" ಅನ್ನೋದು. ಹೀಗೆ ಏಳೆಂಟು ತಿಂಗಳು ಹೋಯಿತು, ಕೊನೆಗೆ ಅಂಗಡಿಯೇ ಬಾಗಿಲು ಹಾಕಿತು. ಇವರ ಕ್ರೆಡಿಟ್ ಅಲ್ಲಿಗೆ ಮುಗಿಯಿತು. ತಪ್ಪು ಅವರದು, ದುಡ್ಡು ಇವರದು.

ಕಾನೂನು ಈಗ ಹೀಗಿದೆ. ಸಿಜಿಎಸ್‌ಟಿ ಕಾಯ್ದೆಯ 16ನೇ ಕಲಂ ಪ್ರಕಾರ ಬಿಲ್ ಕೈಯಲ್ಲಿರಬೇಕು, ಮಾಲು ನಿಮಗೆ ಬಂದಿರಬೇಕು, ನೀವು ರಿಟರ್ನ್ ಸಲ್ಲಿಸಿರಬೇಕು, ಮಾರಿದವರು ಆ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿರಬೇಕು. 2022ರ ಜನವರಿ 1ರಿಂದ ಇನ್ನೊಂದು ಸೇರಿದೆ: ಮಾರಿದವರು ಬಿಲ್ಲನ್ನು GSTR-1ರಲ್ಲಿ ತೋರಿಸಿ ಅದು ನಿಮ್ಮ GSTR-2Bಯಲ್ಲಿ, ಅಂದರೆ ಪೋರ್ಟಲ್ ತಯಾರಿಸುವ ನಿಮ್ಮ ಕ್ರೆಡಿಟ್ ಪಟ್ಟಿಯಲ್ಲಿ, ಬಂದಿರಬೇಕು. ತಿಂಗಳ ರಿಟರ್ನ್‌ನವರಾದರೆ ಅವರಿಗೆ ಗಡುವು 11ನೇ ತಾರೀಖು. ನಿಮ್ಮ 2B ತಯಾರಾಗೋದು 14ಕ್ಕೆ. ನೀವು 3B ಸಲ್ಲಿಸೋದು 20ಕ್ಕೆ. ಅಂದರೆ ಪ್ರತಿ ತಿಂಗಳು 14ರಿಂದ 20ರವರೆಗೆ ಆರು ದಿನ ನಿಮ್ಮ ಕೈಯಲ್ಲಿದೆ. ಕೊಂಡ ಬಿಲ್ಲುಗಳ ಕಟ್ಟು ಒಂದು ಕಡೆ, 2B ಒಂದು ಕಡೆ ಇಟ್ಟುಕೊಂಡು ತಾಳೆ ನೋಡುವ ಕೆಲಸ ಈ ಆರು ದಿನದ್ದು. ಇದನ್ನು ಅಕೌಂಟೆಂಟ್ ಮಾಡ್ತಾರೆ ಅಂತ ಸುಮ್ನೆ ಬಿಡಬೇಡಿ. ಬಿಲ್ಲೇ ಅವರ ಕೈ ಸೇರಿರಲ್ಲ ಎಷ್ಟೋ ಸಲ.

2Bಯಲ್ಲಿ ಒಂದು ಬಿಲ್ ಕಾಣದಿದ್ದರೆ ತಕ್ಷಣ ಜಗಳಕ್ಕೆ ಹೋಗಬೇಡಿ. ಮೊದಲು ಅವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಾ ಕೇಳಿ. 5 ಕೋಟಿವರೆಗೆ ವ್ಯಾಪಾರ ಇರುವವರಿಗೆ ಆ ಅನುಕೂಲ ಇದೆ. ಅಂಥವರು ಮೊದಲ ಎರಡು ತಿಂಗಳ ಬಿಲ್ಲುಗಳನ್ನು IFF ಅನ್ನುವ ಕಡೆ 13ನೇ ತಾರೀಖಿನೊಳಗೆ ಹಾಕಬಹುದು, ಆದರೆ ಹಾಕಲೇಬೇಕು ಅಂತಿಲ್ಲ. ಹಾಕದಿದ್ದರೆ ನಿಮ್ಮ ಕ್ರೆಡಿಟ್ ಮೂರು ತಿಂಗಳಿಗೆ ಬರುತ್ತೆ, ಹೋಗಲ್ಲ. ಅಷ್ಟರವರೆಗೆ ಬೀರುವಿಗೆ 540ರ ಬದಲು 1,440 ನಗದು ಕಟ್ಟುತ್ತಿರುತ್ತೀರಿ, ಅದು ದುಡ್ಡಿನ ಓಡಾಟಕ್ಕೆ ಹೊಡೆತ. ಎರಡನೆಯದು, ನಿಮ್ಮ ಜಿಎಸ್‌ಟಿ ನಂಬರಿನಲ್ಲಿ ಒಂದು ಅಕ್ಷರ ತಪ್ಪಿ ಇನ್ಯಾರದೋ ಖಾತೆಗೆ ಹೋಗಿರಬಹುದು. ಇದು ತುಂಬಾ ಮಾಮೂಲಿ, ಅವರು ಮುಂದಿನ ರಿಟರ್ನ್‌ನಲ್ಲಿ ತಿದ್ದಬಹುದು. ಇವೆರಡೂ ಅಲ್ಲದೆ ಅವರು ರಿಟರ್ನೇ ಸಲ್ಲಿಸಿಲ್ಲ ಅಂದರೆ ಆಗ ಎಚ್ಚರ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ನಂಬರ್ ಹಾಕಿ ಹುಡುಕಿದರೆ ಯಾವ ತಿಂಗಳವರೆಗೆ ಸಲ್ಲಿಸಿದ್ದಾರೆ ಅಂತ ಯಾರು ಬೇಕಾದರೂ ನೋಡಬಹುದು, ಲಾಗಿನ್ ಬೇಕಾಗಿಲ್ಲ. ಹೊಸಬರ ಹತ್ತಿರ ಮಾಲು ತರುವ ಮೊದಲೇ ನೋಡಿ. ನನ್ನ ಗಿರಾಕಿಗಳಿಗೆ ನಾನು ಹೇಳೋದು ಇಷ್ಟೇ: ಹೊಸಬರಿಗೆ 5,000 ಈಗ ಕೊಡಿ, 900ನ್ನು ಬಿಲ್ 2Bಯಲ್ಲಿ ಬಂದ ಮೇಲೆ ಕೊಡ್ತೀವಿ ಅಂತ ಮೊದಲೇ ಮಾತಾಡಿಕೊಳ್ಳಿ. ಕೆಲವರು ಒಪ್ಪಲ್ಲ. ಒಪ್ಪದವರು ಯಾಕೆ ಒಪ್ಪಲ್ಲ ಅಂತ ಯೋಚಿಸಿದರೂ ಒಂದಿಷ್ಟು ಗೊತ್ತಾಗುತ್ತೆ.

ಹಾಗಂತ ಕೊಡುವ ದುಡ್ಡನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳಲೂ ಆಗಲ್ಲ. ಬಿಲ್ ತಾರೀಖಿನಿಂದ 180 ದಿನದೊಳಗೆ ನೀವು ಅವರಿಗೆ ಪೂರ್ತಿ ಹಣ ಕೊಡದಿದ್ದರೆ, ಕೊಡದ ಭಾಗದ ಕ್ರೆಡಿಟ್ ವಾಪಸ್ ಕಟ್ಟಬೇಕು, ಬಡ್ಡಿಯೂ ಬೀಳುತ್ತೆ. ಹಣ ಕೊಟ್ಟ ಮೇಲೆ ಕ್ರೆಡಿಟ್ ಮತ್ತೆ ಸಿಗುತ್ತೆ, ಬಡ್ಡಿ ಸಿಗಲ್ಲ.

ಬಿಲ್ 2Bಯಲ್ಲಿ ಬಂತು ಅಂದ ತಕ್ಷಣ ನಿಶ್ಚಿಂತೆ ಅಂತಲೂ ಅಲ್ಲ. ಮಾರಿದವರು GSTR-1 ಹಾಕಿ 3B ಹಾಕದೆ, ಅಂದರೆ ದುಡ್ಡು ಕಟ್ಟದೆ ಕೂತರೆ? ಆರ್ಥಿಕ ವರ್ಷ ಮುಗಿದ ಮೇಲಿನ ಸೆಪ್ಟೆಂಬರ್ 30ರವರೆಗೂ ಅವರು ಆ ತಿಂಗಳ 3B ಸಲ್ಲಿಸದಿದ್ದರೆ, ನೀವು ತಗೊಂಡ ಕ್ರೆಡಿಟ್‌ನ್ನು ನವೆಂಬರ್ 30ರೊಳಗೆ ವಾಪಸ್ ಮಾಡಬೇಕು. 37ಎ ಅನ್ನುವ ನಿಯಮ. ಅವರು ಮುಂದೆಂದಾದರೂ ಕಟ್ಟಿದರೆ ನೀವು ಮತ್ತೆ ತಗೊಳ್ಳಬಹುದು. ನ್ಯಾಯಾನಾ ಇದು? ನನ್ನ ಕೇಳಿದರೆ ಅಲ್ಲ. ತೆರಿಗೆ ಕಟ್ಟದವರನ್ನು ಹಿಡಿಯೋದು ಇಲಾಖೆಯ ಕೆಲಸ, ಅದನ್ನು ಕೊಂಡವರ ತಲೆಗೆ ಕಟ್ಟಿದ್ದಾರೆ. ಇನ್ನೊಂದು ಕಡೆಯನ್ನೂ ಹೇಳಬೇಕು. ಮಾಲು ಅಲ್ಲಾಡದೆ ಬರೀ ಬಿಲ್ ಓಡಾಡುವ ದಂಧೆ ನಡೆದಿದೆ. ಕಟ್ಟದ ತೆರಿಗೆಗೆ ಕ್ರೆಡಿಟ್ ಕೊಟ್ಟರೆ ಸರ್ಕಾರ ಬೊಕ್ಕಸದಿಂದ ದುಡ್ಡು ಕೊಟ್ಟ ಹಾಗೆ.

ಇದರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಒಂದು ದೊಡ್ಡ ಕೇಸ್ ಇದೆ. ಕಾಫಿ ಕೊಂಡವರ ಕ್ರೆಡಿಟ್ ವಿಷಯ, ಕರ್ನಾಟಕ ಸರ್ಕಾರ ಮತ್ತು ಎಕಾಮ್ ಗಿಲ್ ಕಾಫಿ ಟ್ರೇಡಿಂಗ್ ನಡುವಿನದು, ವ್ಯಾಟ್ ಕಾಲದ್ದು. ಬಿಲ್ ಇದೆ, ಚೆಕ್‌ನಲ್ಲಿ ದುಡ್ಡು ಕೊಟ್ಟಿದ್ದೇವೆ, ಇಷ್ಟು ಸಾಕಲ್ಲ ಅನ್ನೋದು ವ್ಯಾಪಾರಿಗಳ ವಾದ. 2023ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್ ಸಾಲದು ಅಂದಿತು. ವ್ಯವಹಾರ ನಿಜ ಅಂತ ತೋರಿಸುವ ಹೊಣೆ ಕ್ರೆಡಿಟ್ ಕೇಳುವವರದು, ಮಾಲು ಬಂದ ಗಾಡಿಯ ವಿವರ, ಬಾಡಿಗೆ ಕೊಟ್ಟದ್ದು, ಮಾಲು ತಲುಪಿದ್ದಕ್ಕೆ ಸಹಿ, ಇಂಥವೆಲ್ಲ ಬೇಕು ಅಂತ. ಹಾಗಾಗಿ ತಗಡು ಇಳಿಸಿದ ದಿನದ ಗಾಡಿ ನಂಬರ್, ತೂಕದ ಚೀಟಿ, ಬಾಡಿಗೆ ರಸೀದಿ, ಇ-ವೇ ಬಿಲ್ ಇದ್ದರೆ ಅದು, ಎಲ್ಲವನ್ನೂ ಆ ಬಿಲ್ಲಿಗೇ ಪಿನ್ ಹೊಡೆದು ಇಡಿ. ಶೆಡ್ಡಿನ ಗೋಡೆಯ ಮೊಳೆಗೆ ಚುಚ್ಚಿಟ್ಟ ಚೀಟಿ ನಾಲ್ಕು ವರ್ಷದ ನಂತರ ನೋಟಿಸ್ ಬಂದಾಗ ಸಿಗಲ್ಲ.

ಎಲ್ಲ ತೆರಿಗೆಗೂ ಕ್ರೆಡಿಟ್ ಇದೆ ಅಂತಲೂ ತಿಳಿಯಬೇಡಿ. ನಿಮಗೆ ತಾಗುವ ಒಂದೆರಡು ಮಾತ್ರ ಹೇಳುತ್ತೇನೆ. ಓಡಾಟಕ್ಕೆ ಕಾರು ತಗೊಂಡರೆ ಅದರ ಜಿಎಸ್‌ಟಿಗೆ ಕ್ರೆಡಿಟ್ ಇಲ್ಲ. ಬೀರು ಸಾಗಿಸುವ ಗೂಡ್ಸ್ ಆಟೋಗೆ ಇದೆ. ಶೆಡ್ ಕಟ್ಟಿಸಿದ ಸಿಮೆಂಟಿಗೆ ಇಲ್ಲ, ತಗಡು ಬಗ್ಗಿಸುವ ಯಂತ್ರಕ್ಕೆ ಇದೆ, ಅದೂ ಮೊದಲ ತಿಂಗಳೇ ಪೂರ್ತಿ. ಆದರೆ ಯಂತ್ರದ ತೆರಿಗೆಯನ್ನೂ ಅಸಲಿಗೆ ಸೇರಿಸಿ ಆದಾಯ ತೆರಿಗೆಯಲ್ಲಿ ಸವಕಳಿ ತೋರಿಸಿದ್ದರೆ ಈ ಕ್ರೆಡಿಟ್ ಹೋಗುತ್ತೆ, ಎರಡೂ ಕಡೆ ತಿನ್ನಲು ಬಿಡಲ್ಲ. ಊರಿನ ದೇವಸ್ಥಾನಕ್ಕೆ ಒಂದು ಬೀರು ಸುಮ್ನೆ ಕೊಟ್ಟಿರಿ ಅಂದುಕೊಳ್ಳಿ. ಮಾರಲಿಲ್ಲ, ದಾನ ಕೊಟ್ಟಿರಿ. ಅದರ ಸಾಮಾನಿನ 900 ಕ್ರೆಡಿಟ್ ವಾಪಸ್ ಮಾಡಬೇಕು. ಇದಕ್ಕೆ ಕಾರಣ ಸುಲಭ: ಸರಪಳಿ ನಿಮ್ಮಲ್ಲೇ ನಿಂತಿತು, ಮುಂದೆ ತೆರಿಗೆ ಕೊಡುವ ಗಿರಾಕಿ ಇಲ್ಲ, ಹಾಗಾಗಿ ಆ ಬೀರುವಿನ ಮಟ್ಟಿಗೆ ನೀವೇ ಕೊನೆಯ ಗಿರಾಕಿ. ತಗಡು ಕತ್ತರಿಸಿ ಉಳಿದ ಚೂರಿಗೆ ಹೀಗೆ ವಾಪಸ್ ಮಾಡಬೇಕಾಗಿಲ್ಲ, ಅದು ಕೆಲಸದಲ್ಲೇ ಹೋದದ್ದು. ಗುಜರಿಗೆ ಮಾರಿದಾಗ ಬಿಲ್ ಹಾಕಿ ತೆರಿಗೆ ಲೆಕ್ಕಕ್ಕೆ ತನ್ನಿ.

ಬೇಗ ಅಂದಿದ್ದೆನಲ್ಲ, ಅದು ಯಾಕೆ ಅಂದರೆ ಕ್ರೆಡಿಟ್‌ಗೆ ಕೊನೆಯ ದಿನ ಇದೆ. ಒಂದು ಆರ್ಥಿಕ ವರ್ಷದ ಬಿಲ್ಲಿನ ಕ್ರೆಡಿಟ್‌ನ್ನು ಆ ವರ್ಷ ಮುಗಿದ ಮೇಲಿನ ನವೆಂಬರ್ 30ರೊಳಗೆ ತಗೊಳ್ಳಬೇಕು, ವಾರ್ಷಿಕ ರಿಟರ್ನ್ ಅದಕ್ಕಿಂತ ಮೊದಲೇ ಸಲ್ಲಿಸಿದ್ದರೆ ಆ ದಿನಕ್ಕೇ ಮುಗಿಯಿತು. 3Bಯ ಆ ಸಾಲು ಖಾಲಿ ಕಂಡರೆ ಹಳೆಯ ಬಿಲ್ಲಿನ ಕಟ್ಟು ಇವತ್ತೇ ಬಿಚ್ಚಿ. ಅವಧಿ ಮುಗಿದದ್ದನ್ನು ಯಾರೂ ತಂದುಕೊಡಲು ಆಗಲ್ಲ.

ಮುಂದಿನ ಕೊಟೇಶನ್ ಹೀಗೆ ಮಾಡಿ. ಪುಸ್ತಕದಲ್ಲಿ ಸಾಮಾನಿಗೆ ಎರಡು ಕಾಲಂ ಇಡಿ. ಒಂದರಲ್ಲಿ ತೆರಿಗೆ ಬಿಟ್ಟ ಬೆಲೆ, ಇನ್ನೊಂದರಲ್ಲಿ ವಾಪಸ್ ಬರುವ ತೆರಿಗೆ. ರೇಟು ಕಟ್ಟುವಾಗ ಮೊದಲ ಕಾಲಂ ಮಾತ್ರ ನೋಡಿ. ಡೀಸೆಲ್, ಕಾಂಪೋಸಿಷನ್‌ನವರಿಂದ ತಂದ ಮಾಲು, ಜಿಎಸ್‌ಟಿ ನಂಬರೇ ಇಲ್ಲದವರಿಂದ ತಂದ ಹಿಡಿ, ಸ್ಕ್ರೂ ಇವು ಪೂರ್ತಿ ಬೆಲೆಗೆ ಮೊದಲ ಕಾಲಮ್ಮಿಗೇ ಬರಲಿ. ಹಾಸ್ಟೆಲ್‌ನವರಂಥ ಗಿರಾಕಿಗೆ ಕ್ರೆಡಿಟ್ ಬರಲ್ಲ, ಅವರು 9,440ನ್ನೇ ನೋಡುತ್ತಾರೆ. ಜಿಎಸ್‌ಟಿ ನಂಬರ್ ಇರುವ ಫರ್ನಿಚರ್ ಅಂಗಡಿಯವರು ನೋಡೋದು 8,000ವನ್ನು ಮಾತ್ರ, 1,440 ಅವರಿಗೂ ಕೈಗಡ. ಅವರ ಹತ್ತಿರ ಚೌಕಾಶಿ ಆ 8,000ದ ಮೇಲೇ ಮಾಡಿ. ತಿಂಗಳ 11ರೊಳಗೆ ನಿಮ್ಮ GSTR-1 ಹೋಗಿರುವ ಹಾಗೆ ನೋಡಿಕೊಳ್ಳಿ. ಅವರೂ 14ಕ್ಕೆ ತಮ್ಮ 2B ತೆಗೆದು ನಿಮ್ಮ ಬಿಲ್ ಹುಡುಕುತ್ತಿರುತ್ತಾರೆ.